ಕೊನೆಯ ಗೂಟ ಎಲ್ಲಿ ಬಿತ್ತು?

ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ಮೆಟ್ರೊ ಮೆಟ್ಟಿಲು ಇಳಿದರೆ ಮೊದಲು ಕಣ್ಣಿಗೆ ಬೀಳುವುದು ಕೋಚಿಂಗ್ ಸೆಂಟರುಗಳ ಬೋರ್ಡು. ಒಳಗಲ್ಲಿಗಳಿಗೆ ಹೊಕ್ಕರೆ ಹಾಸ್ಟೆಲ್ಲು, ಮೆಸ್ಸು, ಅವುಗಳ ನಡುವೆ ಜೆರಾಕ್ಸ್ ಅಂಗಡಿಗಳು. ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಎಇ, ಜೆಇ ಹುದ್ದೆಗಳ ಪರೀಕ್ಷೆಗೆ ಕೂತಿರುವ ಹುಡುಗ ಹುಡುಗಿಯರು ಅಲ್ಲಿ ಸೂತ್ರಗಳ ಕಟ್ಟನ್ನು ಸ್ಪೈರಲ್ ಬೈಂಡ್ ಮಾಡಿಸಿಕೊಂಡು ಹೋಗುತ್ತಾರೆ. ತೆಲುಗಿನವರೇ ಹೆಚ್ಚು, ಆದರೆ ಬೀದರ, ಸೇಡಂ, ರಾಯಚೂರಿನ ಕಡೆಯವರಿಗೂ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ.

ಅಂಥ ಕಟ್ಟಿನ ಸರ್ವೇಯಿಂಗ್ ಭಾಗದಲ್ಲಿ ರಸ್ತೆಯ ತಿರುವಿಗೆ ಸಿಗುವ ಜಾಗ ಹೆಚ್ಚೆಂದರೆ ಅರ್ಧ ಪುಟ. ಅದರಲ್ಲಿ ಚೌಕಟ್ಟು ಹಾಕಿ ಬರೆದ ಒಂದು ಸಾಲು:

δ = 1718.9 c / R ನಿಮಿಷ

ಪಕ್ಕದಲ್ಲಿ ಒಂದು ನಕ್ಷತ್ರ ಚಿಹ್ನೆ, ಅಂದರೆ ‘ಬಂದೇ ಬರುತ್ತದೆ’. ಪರೀಕ್ಷೆಯಲ್ಲಿ ಅದು ಬರುವುದೂ ನಿಜ. ತ್ರಿಜ್ಯ ಇಷ್ಟು, ಜ್ಯಾ ಇಷ್ಟು, ವಿಚಲನ ಕೋನ ಎಷ್ಟು? ನಾಲ್ಕು ಉತ್ತರ, ಒಂದು ಸರಿ. ನಲವತ್ತು ಸೆಕೆಂಡಿನ ಕೆಲಸ.

ಈ ಲೇಖನದ ತಕರಾರು ಆ ಸೂತ್ರದ ಮೇಲಲ್ಲ, ಅದನ್ನು ಬಾಯಿಪಾಠ ಮಾಡುವ ಹುಡುಗರ ಮೇಲಂತೂ ಅಲ್ಲವೇ ಅಲ್ಲ. ತಿರುವು ಹಾಕುವ ಕೆಲಸದಲ್ಲಿ ಸೂತ್ರ ಬರುವುದು ಮೊದಲ ಹತ್ತು ನಿಮಿಷಕ್ಕೆ. ಆಮೇಲಿನ ಎರಡು ತಾಸಿನ ಕೊನೆಗೆ ಒಂದು ಗಳಿಗೆ ಇದೆ. ಕೆಲಸ ಮಾಡಿದವನು ತಪ್ಪಿದ್ದಾನೋ ಇಲ್ಲವೋ ಎಂದು ಯಾರನ್ನೂ ಕೇಳದೆ ನೆಲವೇ ಹೇಳುವ ಗಳಿಗೆ ಅದು. ಪರೀಕ್ಷೆಗಳು ಅದನ್ನು ಕತ್ತರಿಸಿ ಎಸೆದಿವೆ. ಪ್ರಶ್ನೆಪತ್ರಿಕೆ ಎಸೆದದ್ದನ್ನು ದಿಲ್‌ಸುಖ್‌ನಗರ ಎತ್ತಿಕೊಳ್ಳುವುದಿಲ್ಲ, ಎತ್ತಿಕೊಳ್ಳಲೆಂದು ಅದಕ್ಕೆ ಯಾರೂ ಫೀಸು ಕೊಟ್ಟಿಲ್ಲ. ಹೀಗೆ ಪಾಸಾದವರೇ ನಾಳೆ ಹಳ್ಳಿ ರಸ್ತೆಯ ಅಳತೆ ಪುಸ್ತಕಕ್ಕೆ ಸಹಿ ಹಾಕುವವರು.

ಎಸೆದದ್ದು ಏನು ಎಂದು ತಿಳಿಯಬೇಕಾದರೆ ಒಂದು ತಿರುವನ್ನು ನೆಲದ ಮೇಲೆ ಹಾಕಿಯೇ ನೋಡಬೇಕು. ಒಂದು ಲೆಕ್ಕವನ್ನು ಎತ್ತಿಕೊಳ್ಳೋಣ. ಬಯಲುಸೀಮೆಯ ಹಳ್ಳಿ ರಸ್ತೆ, ಎರಡು ನೇರ ತುಂಡುಗಳು. ಒಂದರ ಜಾಡಿನಲ್ಲೇ ಮುಂದೆ ಹೋದರೆ ಹೊಲದೊಳಗೆ ಹೋಗುತ್ತದೆ, ಇನ್ನೊಂದನ್ನು ಹಿಡಿಯಲು ಬಲಕ್ಕೆ 36 ಡಿಗ್ರಿ ತಿರುಗಬೇಕು. ಎರಡು ನೇರಗಳು ಕೂಡುವ ಜಾಗಕ್ಕೆ ರಸ್ತೆಯವರು ಐ.ಪಿ. ಎನ್ನುತ್ತಾರೆ. ರಸ್ತೆ ಐ.ಪಿ.ಯವರೆಗೆ ಹೋಗುವುದಿಲ್ಲ, ಅದಕ್ಕೂ ಮೊದಲೇ ಬಾಗಲು ಶುರುವಾಗಿ ಒಳಮೈಯಿಂದ ಹಾದುಹೋಗುತ್ತದೆ. ಬಾಗು ಶುರುವಾಗುವ ಜಾಗ ಟಿ-1, ಮುಗಿಯುವ ಜಾಗ ಟಿ-2. ತ್ರಿಜ್ಯ 90 ಮೀಟರ್. ಬಯಲು ನೆಲದ ಹಳ್ಳಿ ರಸ್ತೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಗ್ರಾಮೀಣ ರಸ್ತೆ ಕೈಪಿಡಿ ಹೇಳುವ ಸಾಮಾನ್ಯ ಕನಿಷ್ಠ ತ್ರಿಜ್ಯ ಇದು, ಗಂಟೆಗೆ 50 ಕಿಲೋಮೀಟರ್ ವೇಗಕ್ಕೆ ಹೊಂದುವಂಥದ್ದು. (ನೇರಕ್ಕೂ ವೃತ್ತಕ್ಕೂ ನಡುವೆ ಮೆಲ್ಲನೆ ಬಾಗುವ ಇನ್ನೊಂದು ರೇಖೆಯನ್ನೂ ಹಾಕುವುದುಂಟು. ಅದು ಬೇರೆಯೇ ಕತೆ, ಇಲ್ಲಿ ಬರೀ ವೃತ್ತ.)

ಮೊದಲು ಟಿ-1, ಟಿ-2 ಎಲ್ಲಿ? ಐ.ಪಿ.ಯಿಂದ ಎರಡೂ ನೇರಗಳ ಮೇಲೆ 90 × tan 18°, ಅಂದರೆ 29.24 ಮೀಟರ್ ಅಳೆದು ಒಂದೊಂದು ಗೂಟ ಹೊಡೆಯಬೇಕು. ತಿರುವಿನ ಉದ್ದ 56.55 ಮೀಟರ್. ರಸ್ತೆಯ ಶುರುವಿನಿಂದ ಐ.ಪಿ. 412.60 ಮೀಟರಿನಲ್ಲಿದ್ದರೆ ಟಿ-1 ಇರುವುದು 383.36ರಲ್ಲಿ, ಟಿ-2 ಇರುವುದು 439.91ರಲ್ಲಿ. ಇಲ್ಲಿ ನೆನಪಿಡಬೇಕಾದ್ದು ಒಂದೇ. ಟಿ-2ರ ಗೂಟ ತಿರುವು ಹಾಕುವ ಮೊದಲೇ, ಬೇರೆ ದಾರಿಯಿಂದ, ಇನ್ನೊಂದು ನೇರದ ಮೇಲೆ ಅಳೆದು ಹೊಡೆದದ್ದು. ಅದು ಅಲ್ಲಿ ಸಾಕ್ಷಿಯ ಹಾಗೆ ಕಾದು ನಿಂತಿರುತ್ತದೆ.

ಈಗ ಥಿಯೋಡೊಲೈಟನ್ನು ಟಿ-1ರ ಮೇಲೆ ಇಡಬೇಕು. ತೂಕದ ಗುಂಡು ಗೂಟದ ಮೊಳೆಯ ನೆತ್ತಿಗೇ ಬರಬೇಕು, ಗುಳ್ಳೆ ನಡುವೆ ನಿಲ್ಲಬೇಕು. ವರ್ನಿಯರ್ ಸೊನ್ನೆಗೆ ತಂದು ಮೇಲಿನ ಬಿಗಿ ಹಾಕಿ, ಕೆಳಗಿನ ಬಿಗಿ ಸಡಿಲಿಸಿ ದುರ್ಬೀನನ್ನು ಐ.ಪಿ.ಯ ಕಡೆ ತಿರುಗಿಸಿ, ಅದನ್ನು ಹಿಡಿದ ಮೇಲೆ ಕೆಳಗಿನದನ್ನು ಬಿಗಿ ಮಾಡಬೇಕು. ಸೊನ್ನೆ ಎಂದರೆ ಈಗ ನೇರದ ದಿಕ್ಕು. ಇಲ್ಲಿಂದ ಮುಂದೆ ಮೇಲಿನ ಬಿಗಿಯನ್ನು ಮಾತ್ರ ಸಡಿಲಿಸಿ, ಒಂದೊಂದು ಗೂಟಕ್ಕೂ ಒಂದೊಂದು ಕೋನ ತಿರುಗಿಸುತ್ತ ಹೋಗುವುದು.

ಆ ಕೋನಕ್ಕೇ ಚೌಕಟ್ಟಿನ ಸೂತ್ರ. 1718.9 ಎಲ್ಲಿಂದ ಬಂತು ಎಂದು ಕಟ್ಟಿನಲ್ಲಿ ಇರುವುದಿಲ್ಲ, ಆದರೆ ಅದರಲ್ಲಿ ಗುಟ್ಟೇನೂ ಇಲ್ಲ. ವೃತ್ತದ ಒಂದು ತುಂಡು ಕೇಂದ್ರದಲ್ಲಿ ಎಷ್ಟು ಕೋನ ಮಾಡುತ್ತದೋ, ಅದರ ಅರ್ಧವನ್ನು ಅದರ ಜ್ಯಾ ಸ್ಪರ್ಶರೇಖೆಯೊಡನೆ ಮಾಡುತ್ತದೆ ಎನ್ನುವುದು ಹೈಸ್ಕೂಲಿನ ಪ್ರಮೇಯ. ಕೇಂದ್ರದ ಕೋನ c/R ರೇಡಿಯನ್. ಒಂದು ರೇಡಿಯನ್ನಿಗೆ 3437.75 ನಿಮಿಷ. ಅದರ ಅರ್ಧ 1718.87. ಇಷ್ಟೇ. ಈ ಎರಡು ಸಾಲು ಗೊತ್ತಿದ್ದವನು ಸೂತ್ರ ಮರೆತರೂ ಗದ್ದೆಯ ಬದುವಿನ ಮೇಲೆ ಕೂತು ಅದನ್ನು ಮತ್ತೆ ಹುಟ್ಟಿಸಬಲ್ಲ. ಗೊತ್ತಿಲ್ಲದವನು 1718ರ ಬದಲು 1781 ಬರೆದರೂ ಅವನಿಗೆ ಗೊತ್ತಾಗುವುದಿಲ್ಲ.

ಹತ್ತು ಹತ್ತು ಮೀಟರಿಗೆ ಗೂಟ ಬೇಕು, ಅದೂ ಪೂರ್ಣ ಸಂಖ್ಯೆಯ ಜಾಗಗಳಲ್ಲಿ: 390, 400, 410, ಹೀಗೆ. ಆದ್ದರಿಂದ ಮೊದಲ ತುಂಡು 6.64 ಮೀಟರ್, ನಡುವಿನ ನಾಲ್ಕು ಹತ್ತು ಹತ್ತು, ಕೊನೆಯದು 9.91. ಮೊದಲ ತುಂಡಿನ ಕೋನ 2°06′52″. ಹತ್ತು ಮೀಟರಿನ ಪ್ರತಿ ತುಂಡಿಗೆ 3°10′59″. ಕೊನೆಯದಕ್ಕೆ 3°09′11″. ಒಂದರ ಮೇಲೊಂದು ಕೂಡಿಸುತ್ತ ಹೋದರೆ 390ರ ಗೂಟಕ್ಕೆ 2°06′52″, 400ಕ್ಕೆ 5°17′51″, 410ಕ್ಕೆ 8°28′50″, 420ಕ್ಕೆ 11°39′50″, 430ಕ್ಕೆ 14°50′49″, ಕೊನೆಗೆ ಟಿ-2ಕ್ಕೆ ಸರಿಯಾಗಿ 18°. ಮೂವತ್ತಾರರ ಅರ್ಧ. ಲೆಕ್ಕದ ಕಾಗದದ ಮೇಲೆ ಇದು ಮೊದಲ ತಾಳೆ: ಕೊನೆಯ ಸಾಲಿನಲ್ಲಿ ಹದಿನೆಂಟು ಬರದಿದ್ದರೆ ಹೊಲಕ್ಕೆ ಕಾಲಿಡುವುದೇ ಬೇಡ. ಹಳೆಯ ಥಿಯೋಡೊಲೈಟುಗಳಲ್ಲಿ ಓದಲು ಸಿಗುವುದು ಇಪ್ಪತ್ತು ಸೆಕೆಂಡಿನವರೆಗೆ. ಇಪ್ಪತ್ತು ಸೆಕೆಂಡು ತಪ್ಪಿದರೆ ಐವತ್ತೈದು ಮೀಟರ್ ದೂರದಲ್ಲಿ ಅರ್ಧ ಸೆಂಟಿಮೀಟರಿನ ಹೆಚ್ಚುಕಡಿಮೆ. ಹಳ್ಳಿ ರಸ್ತೆಗೆ ಅದು ಲೆಕ್ಕಕ್ಕೇ ಇಲ್ಲ.

ನೆಲದ ಮೇಲೆ ಹೀಗೆ ನಡೆಯುತ್ತದೆ. ದುರ್ಬೀನನ್ನು ಮೊದಲ ಕೋನಕ್ಕೆ ತಿರುಗಿಸಿ ನಿಲ್ಲಿಸುತ್ತಾರೆ. ಟೇಪಿನ ಸೊನ್ನೆಯನ್ನು ಟಿ-1ರಲ್ಲಿ ಹಿಡಿದು, ಇನ್ನೊಬ್ಬ 6.64ರಲ್ಲಿ ಕಡ್ಡಿ ಹಿಡಿದು ಟೇಪನ್ನು ಬಿಗಿಯಾಗಿ ಎಳೆದು ಅತ್ತಿತ್ತ ಸರಿಯುತ್ತಾನೆ. ಅವನ ಕಡ್ಡಿ ದುರ್ಬೀನಿನ ಗೆರೆಗೆ ಬಂದ ಕೂಡಲೇ ಕೈ ಎತ್ತುತ್ತಾರೆ, ಗೂಟ ಬೀಳುತ್ತದೆ. ಎರಡನೆಯ ಗೂಟಕ್ಕೆ ಕೋನವನ್ನು ಅಳೆಯುವುದು ಮತ್ತೆ ಟಿ-1ರಿಂದಲೇ, ಆದರೆ ಟೇಪಿನ ಸೊನ್ನೆ ಈಗ ಮೊದಲ ಗೂಟದ ಮೇಲೆ. ಮೂರನೆಯದಕ್ಕೆ ಎರಡನೆಯದರ ಮೇಲೆ. ಕೋನವೆಲ್ಲ ಒಂದೇ ಕಡೆಯಿಂದ, ದೂರವೆಲ್ಲ ಹಿಂದಿನ ಗೂಟದಿಂದ. ಸ್ಕಾಟ್ಲೆಂಡಿನ ವಿಲಿಯಂ ರ‍್ಯಾಂಕಿನ್ ಹತ್ತೊಂಬತ್ತನೇ ಶತಮಾನದಲ್ಲಿ ರೈಲುದಾರಿಗಳಿಗೆಂದು ರೂಪಿಸಿದ ಈ ಕ್ರಮಕ್ಕೆ ಅವರ ಹೆಸರೇ ನಿಂತಿದೆ. ನಮ್ಮ ಪ್ರಶ್ನೆಪತ್ರಿಕೆಗಳಿಗೆ ಆ ಹೆಸರು ಬಹಳ ಇಷ್ಟ.

ಆರನೆಯ ಗೂಟದ ಹೊತ್ತಿಗೆ ದುರ್ಬೀನು ಹದಿನೆಂಟು ಡಿಗ್ರಿಗೆ ಬಂದಿರುತ್ತದೆ, ಐದನೆಯ ಗೂಟದಿಂದ 9.91 ಮೀಟರ್ ಎಳೆದ ಟೇಪಿನ ತುದಿಯಲ್ಲಿ ಕಡ್ಡಿ ಇರುತ್ತದೆ. ಆ ಕಡ್ಡಿ ಎಲ್ಲಿ ಬೀಳಬೇಕು? ಬೆಳಿಗ್ಗೆಯೇ ಹೊಡೆದಿಟ್ಟ ಟಿ-2ರ ಗೂಟದ ನೆತ್ತಿಯ ಮೇಲೆ.

ದಿಲ್‌ಸುಖ್‌ನಗರದಲ್ಲಿ ಓದುವ ಹುಡುಗನೊಬ್ಬ ರಜೆಗೆ ಊರಿಗೆ ಬಂದಾಗ, ಲೋಕೋಪಯೋಗಿ ಇಲಾಖೆಯಲ್ಲಿ ಚೈನು ಹಿಡಿದೇ ಮುದುಕನಾದ ಸೋದರ ಸಂಬಂಧಿಯೊಬ್ಬರು ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳುವುದು ಹೀಗೇ ಇರುತ್ತದೆ:

“ಕರ್ವ್ ಕಲಿಸ್ಯಾರೇನೋ ತಮ್ಮಾ?”

“ಕಲಿಸ್ಯಾರ್ರಿ ಕಾಕಾ. ಹದಿನೇಳು ಹದಿನೆಂಟ ಪಾಯಿಂಟ್ ಒಂಬತ್ತ ಸಿ ಬೈ ಆರ್.”

“ಅದಿರ್ಲಿ. ಆಖರಿ ಗೂಟ ಎಲ್ಲಿ ಬೀಳ್ತದ?”

“ಅದು ಪೇಪರನ್ಯಾಗ ಕೇಳಂಗಿಲ್ರಿ.”

ಕಾಕಾ ನಕ್ಕು ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ತಪ್ಪು ಹುಡುಗನದಲ್ಲ, ಅವನು ಹೇಳಿದ್ದು ಸತ್ಯ. ಕೇಳುವುದಿಲ್ಲ.

ಕೊನೆಯ ಗೂಟ ಟಿ-2ರ ಮೇಲೆ ಬೀಳದಿದ್ದಾಗ ಅದು ಬಿದ್ದ ಜಾಗವೇ ಏನಾಯಿತೆಂದು ಹೇಳುತ್ತದೆ. ಎರಡು ಬಗೆಯ ತಪ್ಪುಗಳಿಗೆ ಎರಡು ಬೇರೆ ಬೇರೆ ಗುರುತು. ಟೇಪು ಹಿಡಿದವನು ಮೊದಲ ತುಂಡಿಗೆ 6.64ರ ಬದಲು 6.34 ಓದಿದ ಎನ್ನೋಣ, ಸೆಖೆಯಲ್ಲಿ ನಾಲ್ಕು ತಾಸು ನಿಂತವನಿಗೆ ಆಗುವಂಥದ್ದೇ. ಮುಂದಿನ ಎಲ್ಲ ತುಂಡುಗಳನ್ನೂ ಸರಿಯಾಗಿ ಅಳೆದಿದ್ದಾರೆ, ಕೋನಗಳೂ ಸರಿ. ಮೊದಲ ಗೂಟ ದುರ್ಬೀನಿನ ಗೆರೆಯ ಮೇಲೆಯೇ ಇದೆ, ಬರೀ ಮೂವತ್ತು ಸೆಂಟಿಮೀಟರ್ ಹಿಂದೆ. ಆ ಜಾಗದಲ್ಲಿ ಗೆರೆ ಹೆಚ್ಚುಕಡಿಮೆ ತಿರುವಿನ ಗುಂಟವೇ ಇರುವುದರಿಂದ ಗೂಟ ನಿಜವಾದ ತಿರುವಿನಿಂದ ಪಕ್ಕಕ್ಕೆ ಸರಿದಿರುವುದು ಒಂದು ಸೆಂಟಿಮೀಟರ್ ಅಷ್ಟೇ. ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಆ ಮೂವತ್ತು ಸೆಂಟಿಮೀಟರಿನ ಸಾಲ ಗೂಟದಿಂದ ಗೂಟಕ್ಕೆ ದಾಟುತ್ತ ಹೋಗಿ, ಕೊನೆಯ ಕಡ್ಡಿ ಟಿ-2ಕ್ಕಿಂತ ಸುಮಾರು ಇಪ್ಪತ್ತೆಂಟು ಸೆಂಟಿಮೀಟರ್ ಹಿಂದೆ ನಿಲ್ಲುತ್ತದೆ. ಅಲ್ಲಿ ಗೆರೆ ತಿರುವಿಗೆ ಓರೆಯಾಗಿರುವುದರಿಂದ ಗೂಟ ತಿರುವಿನ ಒಳಮೈಗೆ ಒಂಬತ್ತು ಸೆಂಟಿಮೀಟರಿನಷ್ಟು ಸರಿದಿರುತ್ತದೆ. ಗೆರೆಯ ಮೇಲೆಯೇ ಇದ್ದು ಹಿಂದೆ ಅಥವಾ ಮುಂದೆ ಬಿದ್ದರೆ ಟೇಪಿನ ತಪ್ಪು.

ಇನ್ನೊಂದು ಬಗೆ. ಯಾರದೋ ಮೊಣಕೈ ತಾಗಿಯೋ ಕೆಳಗಿನ ಬಿಗಿ ಸರಿಯಾಗಿ ಹಿಡಿಯದೆಯೋ ಉಪಕರಣ ಹತ್ತು ನಿಮಿಷದಷ್ಟು ತಿರುಗಿಬಿಟ್ಟಿದೆ. ಆಗ ಹದಿನೆಂಟು ಡಿಗ್ರಿಯ ಗೆರೆ ಟಿ-2ರ ಮೂಲಕ ಹಾಯುವುದೇ ಇಲ್ಲ, ಹದಿನಾರು ಸೆಂಟಿಮೀಟರ್ ಪಕ್ಕದಿಂದ ಹೋಗುತ್ತದೆ. ಪಕ್ಕಕ್ಕೆ ತಪ್ಪಿದರೆ ಕೋನದ ತಪ್ಪು, ಇಲ್ಲವೇ ಐ.ಪಿ.ಯಲ್ಲಿ 36 ಡಿಗ್ರಿ ಅಳೆದದ್ದೇ ತಪ್ಪು. ತಿರುಗಿ ಐ.ಪಿ.ಯನ್ನು ನೋಡಿದಾಗ ಸೊನ್ನೆ ಬಂದರೆ ಎರಡನೆಯದು, ಬರದಿದ್ದರೆ ಮೊದಲನೆಯದು. ಅನುಭವವಿದ್ದವರು ಪ್ರತಿ ಮೂರು ಗೂಟಕ್ಕೊಮ್ಮೆ ದುರ್ಬೀನನ್ನು ಹಿಂದಕ್ಕೆ ತಿರುಗಿಸಿ ಸೊನ್ನೆ ನೋಡಿಕೊಳ್ಳುವುದು ಇದಕ್ಕೇ.

ಇನ್ನೂ ಒಂದು ವಿವರವಿದೆ, ಬಹಳ ಚೆಂದದ್ದು. ಎಲ್ಲವೂ ಸರಿಯಾಗಿದ್ದರೂ ಕೊನೆಯ ಕಡ್ಡಿ ಟಿ-2ನ್ನು ಎರಡೂವರೆ ಸೆಂಟಿಮೀಟರಿಗೆ ತುಸು ಹೆಚ್ಚಾಗಿ ದಾಟಿ ಹೋಗುತ್ತದೆ. ಸೂತ್ರ ಹತ್ತು ಮೀಟರನ್ನು ವೃತ್ತದ ಗುಂಟ ಲೆಕ್ಕ ಹಾಕಿದರೆ, ಟೇಪು ಅದೇ ಹತ್ತನ್ನು ನೇರಕ್ಕೆ ಎಳೆಯುತ್ತದೆ. ತೊಂಬತ್ತರ ತ್ರಿಜ್ಯದಲ್ಲಿ ಹತ್ತು ಮೀಟರಿಗೆ ಅರ್ಧ ಸೆಂಟಿಮೀಟರಿನ ವ್ಯತ್ಯಾಸ, ಅಂಥವು ಐದು ತುಂಡು. ಐದು ಮೀಟರಿಗೊಂದು ಗೂಟ ಹಾಕಿದ್ದರೆ ಇದು ಹೆಚ್ಚುಕಡಿಮೆ ಮಾಯವಾಗುತ್ತಿತ್ತು. ಇಪ್ಪತ್ತು ಮೀಟರಿಗೊಂದು ಹಾಕಿದ್ದರೆ ಒಂದೊಂದಕ್ಕೂ ನಾಲ್ಕು ಸೆಂಟಿಮೀಟರ್. ಹಾಗಾಗಿ ಎರಡೂವರೆ ಸೆಂಟಿಮೀಟರ್ ಮುಂದೆ ಬಿದ್ದರೆ ಗಾಬರಿಯಾಗಬೇಕಿಲ್ಲ, ಅದನ್ನು ಕೊನೆಯ ಎರಡು ಮೂರು ಗೂಟಗಳಲ್ಲಿ ಹಂಚಿಬಿಡುತ್ತಾರೆ. ಅಳತೆ ಪುಸ್ತಕದಲ್ಲಿ ‘ಕರಾರುವಾಕ್ಕಾಗಿ ಕೂಡಿತು’ ಎಂದು ಬರೆದಿದ್ದರೆ ಮಾತ್ರ ಗಾಬರಿಯಾಗಬೇಕು. ಹಾಗೆ ಬರೆದವನು ಬಹುಶಃ ಹೊಲಕ್ಕೆ ಹೋಗಿಲ್ಲ.

ಈಗ ಪಠ್ಯಪುಸ್ತಕಗಳ ಮಾತು. ರ‍್ಯಾಂಕಿನ್ ಕ್ರಮದ ಕೊರತೆ ಏನು ಎನ್ನುವ ಪ್ರಶ್ನೆಗೆ ಸಿದ್ಧ ಉತ್ತರವಿದೆ: ದೂರವನ್ನು ಹಿಂದಿನ ಗೂಟದಿಂದ ಅಳೆಯುವುದರಿಂದ ಒಂದು ಗೂಟದ ತಪ್ಪು ಮುಂದಿನ ಎಲ್ಲ ಗೂಟಗಳಿಗೂ ದಾಟುತ್ತದೆ. ದಿಲ್‌ಸುಖ್‌ನಗರದ ಕಟ್ಟುಗಳಲ್ಲಿ ಇದು ‘ಡಿಮೆರಿಟ್’ ಎಂಬ ತಲೆಬರಹದ ಕೆಳಗೆ ಮೊದಲನೇ ಸಾಲು. ವಾಕ್ಯ ಸುಳ್ಳಲ್ಲ, ಅರ್ಧ ಮಾತ್ರ. ತಪ್ಪು ದಾಟುತ್ತ ಹೋಗುವುದರಿಂದಲೇ ಅದು ಕೊನೆಯ ಗೂಟಕ್ಕೆ ಬಂದು ಸಿಕ್ಕಿಬೀಳುತ್ತದೆ. ಮೊದಲ ಗೂಟದಲ್ಲಿ ಒಂದು ಸೆಂಟಿಮೀಟರಿನ ಮರೆಯಲ್ಲಿ ಅಡಗಿದ್ದ ತಪ್ಪು ಕೊನೆಯಲ್ಲಿ ಇಪ್ಪತ್ತೆಂಟು ಸೆಂಟಿಮೀಟರ್ ಆಗಿ ಬಯಲಿಗೆ ಬಂತಲ್ಲ, ಹಾಗೆ. ಪುಸ್ತಕ ಕೊರತೆ ಎಂದು ಕರೆದದ್ದು ಈ ಕ್ರಮದ ಪ್ರಾಮಾಣಿಕತೆ.

“ಈಗ ಟೋಟಲ್ ಸ್ಟೇಷನ್ ಬಂದಿದೆ, ಥಿಯೋಡೊಲೈಟನ್ನು ಯಾರು ಮುಟ್ಟುತ್ತಾರೆ?” ಎನ್ನುವವರಿದ್ದಾರೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಟೋಟಲ್ ಸ್ಟೇಷನ್ ಕೋನವನ್ನೂ ದೂರವನ್ನೂ ಒಟ್ಟಿಗೇ ಅಳೆಯುತ್ತದೆ, ಪ್ರತಿ ಗೂಟವನ್ನೂ ಉಳಿದವುಗಳ ಹಂಗಿಲ್ಲದೆ ಅದರದರ ಜಾಗದಲ್ಲಿ ಹೊಡೆಸುತ್ತದೆ. ಬೇಗ, ನಿಖರ, ಟೇಪು ಎಳೆಯುವ ಕಷ್ಟವಿಲ್ಲ. ಯಾವ ಗುತ್ತಿಗೆದಾರನೂ ಹಿಂದಕ್ಕೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಆದರೆ ಗೂಟಗಳು ಒಂದಕ್ಕೊಂದು ಹಂಗಿಲ್ಲದೆ ಬಿದ್ದಾಗ ಒಂದರ ತಪ್ಪನ್ನು ಇನ್ನೊಂದು ಹೇಳುವುದೂ ಇಲ್ಲ. ಐ.ಪಿ.ಯ ಒಂದು ಅಂಕಿಯನ್ನು ತಪ್ಪಾಗಿ ಒತ್ತಿದರೆ ಇಡೀ ತಿರುವು ಅಚ್ಚುಕಟ್ಟಾಗಿ, ಒಂದು ಮಿಲಿಮೀಟರೂ ಡೊಂಕಿಲ್ಲದೆ, ತಪ್ಪು ಜಾಗದಲ್ಲಿ ಹೋಗಿ ಕೂರುತ್ತದೆ. ಅದನ್ನು ಹಿಡಿಯುವ ದಾರಿ ಅಲ್ಲೂ ಅದೇ ಹಳೆಯದು: ಇನ್ನೊಂದು ನೇರದ ಮೇಲೆ ಬೇರೆಯಾಗಿ ಅಳೆದು ಟಿ-2 ಹೊಡೆದಿಟ್ಟುಕೊಂಡು, ಉಪಕರಣ ತೋರಿಸಿದ ಟಿ-2 ಅದರ ಮೇಲೆ ಬಿತ್ತೇ ಎಂದು ನೋಡುವುದು. ಆ ಅಭ್ಯಾಸವನ್ನು ಕಲಿಸುವುದು ಥಿಯೋಡೊಲೈಟು. ಅದನ್ನು ಕಲಿಯದೆ ಟೋಟಲ್ ಸ್ಟೇಷನ್ ಹಿಡಿದವನಿಗೆ ಪರದೆಯ ಮೇಲಿನ ಅಂಕಿಯೇ ನೆಲ.

ಈ ಅಭ್ಯಾಸಕ್ಕೆ ದೊಡ್ಡ ಊರಿನ ವಂಶಾವಳಿಯೂ ಇದೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸರಪಳಿಯಿಂದ ಒಂದು ರೇಖೆ ಅಳೆದು, ಅಲ್ಲಿಂದ ಬರೀ ಕೋನಗಳ ಮೇಲೆ ತ್ರಿಕೋನಗಳನ್ನು ಹೆಣೆಯುತ್ತ ಬೆಂಗಳೂರಿನವರೆಗೆ ಬಂದ. ಬೆಂಗಳೂರಲ್ಲಿ ಮತ್ತೊಂದು ರೇಖೆಯನ್ನು ಸರಪಳಿ ಎಳೆದು ಅಳೆಸಿದ. ಅದರ ಉದ್ದ ಲೆಕ್ಕದಿಂದ ಆಗಲೇ ಗೊತ್ತಿತ್ತು. ಗೊತ್ತಿದ್ದರೂ ಅಳೆಸಿದ, ಲೆಕ್ಕ ಸುಳ್ಳು ಹೇಳುತ್ತಿಲ್ಲ ಎಂದು ನೋಡಲು. ಅದೂ ಕೊನೆಯ ಗೂಟವೇ. ಆ ಪರಂಪರೆಯ ಸರ್ವೇ ಆಫ್ ಇಂಡಿಯಾದ ತರಬೇತಿ ಸಂಸ್ಥೆ ಇರುವುದು ಉಪ್ಪಲ್‌ನಲ್ಲಿ, ದಿಲ್‌ಸುಖ್‌ನಗರದಿಂದ ಕೆಲವೇ ಕಿಲೋಮೀಟರ್ ದೂರ. ಒಂದೇ ಊರಿನ ಎರಡು ಮೂಲೆ: ಒಂದರಲ್ಲಿ ತಾಳೆ ನೋಡದೆ ಕೆಲಸ ಮುಗಿಯುವುದಿಲ್ಲ, ಇನ್ನೊಂದರಲ್ಲಿ ತಾಳೆ ನೋಡಲು ಸಮಯವಿಲ್ಲ.

ಕೊನೆಯ ಗೂಟ ಎಲ್ಲವನ್ನೂ ಹೇಳುತ್ತದೆ ಎಂದರೆ ಅದೂ ಸುಳ್ಳು. ಟೇಪು ಅಳತೆಯುದ್ದಕ್ಕೂ ಒಂದೇ ಪ್ರಮಾಣದಲ್ಲಿ ಗಿಡ್ಡವಾದದ್ದಾಗಿದ್ದರೆ, ಟಿ-1, ಟಿ-2ರ ದೂರವೂ ಅದೇ ಟೇಪಿನಿಂದ ಅಳೆದದ್ದಾದ್ದರಿಂದ ಎಲ್ಲವೂ ಒಟ್ಟಿಗೆ ಕುಗ್ಗಿ ಸರಿಯಾಗಿ ಕೂಡಿಬಿಡುತ್ತದೆ. 90ರ ಬದಲು 60 ಎಂದು ಶುರುವಿನಲ್ಲೇ ತ್ರಿಜ್ಯ ತಪ್ಪಾಗಿ ಹಿಡಿದಿದ್ದರೂ ಕೂಡುತ್ತದೆ, ಬೇರೆಯೇ ತಿರುವಾಗಿ. ಟೇಪನ್ನು ಹೊಸದರ ಪಕ್ಕಕ್ಕಿಟ್ಟು ನೋಡಬೇಕು, ತ್ರಿಜ್ಯವನ್ನು ನಕ್ಷೆಯೊಡನೆ ಇನ್ನೊಬ್ಬರು ಓದಿ ಹೇಳಬೇಕು. ಯಾವ ತಾಳೆ ಯಾವ ತಪ್ಪನ್ನು ಹಿಡಿಯುತ್ತದೆ, ಯಾವುದನ್ನು ಬಿಟ್ಟುಬಿಡುತ್ತದೆ ಎಂದು ಕೇಳುವ ಒಂದು ಪ್ರಶ್ನೆ ಯಾವ ಪತ್ರಿಕೆಯಲ್ಲಿ ಇದ್ದರೂ ಆ ವರ್ಷ ದಿಲ್‌ಸುಖ್‌ನಗರದ ಎಲ್ಲ ಕಟ್ಟುಗಳೂ ಬದಲಾಗುತ್ತವೆ. ಕಷ್ಟದ ಪ್ರಶ್ನೆಯೂ ಅಲ್ಲ. ‘ಕೊನೆಯ ಗೂಟ ದೃಷ್ಟಿರೇಖೆಯ ಮೇಲೆ, ಟಿ-2ಕ್ಕಿಂತ 28 ಸೆಂ.ಮೀ. ಹಿಂದೆ ಬಿದ್ದಿದೆ. ಕಾರಣವೇನು?’ ನಾಲ್ಕು ಉತ್ತರ ಕೊಡಿ, ಒಂದು ಸರಿ ಇರಲಿ. ಓಎಂಆರ್ ಹಾಳೆಗೂ ಒಗ್ಗುತ್ತದೆ. ಸಾವಿರಾರು ಜನರ ಉತ್ತರ ತಿದ್ದಬೇಕಾದ ಕಡೆ ಇಂಥದ್ದನ್ನೆಲ್ಲ ಕೇಳಲಾಗುವುದಿಲ್ಲ ಎನ್ನುವ ನೆಪ ಇಲ್ಲಿ ನಡೆಯುವುದಿಲ್ಲ.

ಇಷ್ಟು ಜಗಳ ಏಕೆ, ಒಂದು ಹಳ್ಳಿ ರಸ್ತೆಯ ತಿರುವು ತಾನೇ, ಎನ್ನಬಹುದು. ತಿರುವು ಎಂದರೆ ಯಾರದೋ ಹೊಲ. 2000ದ ಡಿಸೆಂಬರಿನಲ್ಲಿ ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಭೂಮಿ ಕೊಳ್ಳಲು ಕೇಂದ್ರದ ಹಣವಿಲ್ಲ. ಭೂಮಿ ಒದಗಿಸುವುದು ರಾಜ್ಯದ ಹೊಣೆ, ಎಷ್ಟೋ ಕಡೆ ಅದರ ಅರ್ಥ ರೈತರನ್ನು ಒಪ್ಪಿಸಿ ಬಿಟ್ಟುಕೊಡಿಸುವುದು. ಈ ನಮ್ಮ ತಿರುವು ಐ.ಪಿ.ಯಿಂದ 4.63 ಮೀಟರ್ ಒಳಗೆ ಹಾಯುತ್ತದೆ. ಒಳಮೈಯ ಹೊಲದವನು ಬಂದು ನಿಂತು “ಇಷ್ಟ್ಯಾಕ ಒಳಗ ಬಂತ್ರೀ ಸಾಹೇಬ್ರ?” ಎಂದರೆ, ಕೋನದ ಪಟ್ಟಿ ಕೈಯಲ್ಲಿದ್ದವನು ಉತ್ತರ ಕೊಡಬಲ್ಲ. ರಾತ್ರಿ ಯಾರೋ ಗೂಟ ಕಿತ್ತು ಎರಡಡಿ ಆಚೆ ಹುಗಿದರೂ ಬೆಳಿಗ್ಗೆ ಅದೇ ಪಟ್ಟಿ ಹಿಡಿದು ಮತ್ತೆ ಅದೇ ಜಾಗಕ್ಕೆ ಹೊಡೆಯಬಲ್ಲ.

ಪಟ್ಟಿ ಇಲ್ಲದ ಕಡೆ ನಡೆಯುವುದು ಬೇರೆ. ಹಗ್ಗ ಎಳೆದು, ಕಣ್ಣಂದಾಜಿನಲ್ಲಿ ಸುಣ್ಣದ ಗೆರೆ ಹಾಕಿ, ಜಗಳ ಬೇಡವೆಂದು ಮೂಲೆಯ ಹತ್ತಿರಕ್ಕೆ ಸರಿಸಿ ತಿರುಗಿಸಿಬಿಡುತ್ತಾರೆ. ಮೂಲೆಯಿಂದ ಎರಡೇ ಮೀಟರ್ ಒಳಗೆ ಹಾಯಿಸಿದರೆ ಹೊಲದವನಿಗೆ ಸಮಾಧಾನ, ಗುತ್ತಿಗೆದಾರನಿಗೆ ನೆಮ್ಮದಿ. ಆದರೆ ತ್ರಿಜ್ಯ ಆಗ ನಲವತ್ತಕ್ಕೆ ಇಳಿಯುತ್ತದೆ. ರಸ್ತೆಗೆ ಕೊಡಬಹುದಾದ ಪೂರಾ ಓರೆ ಕೊಟ್ಟರೂ ತೊಂಬತ್ತರ ತಿರುವಿನಲ್ಲಿ 50 ಕಿಲೋಮೀಟರ್ ವೇಗಕ್ಕೆ ನಿಲ್ಲುವ ಗಾಡಿ, ನಲವತ್ತರಲ್ಲಿ 33ಕ್ಕೆ ಮಾತ್ರ ನಿಲ್ಲುತ್ತದೆ. ಕಣ್ಣಂದಾಜಿನ ತಿರುವಿಗೆ ಇನ್ನೊಂದು ಗುಣವಿದೆ, ತುದಿಗಳಲ್ಲಿ ಬಾಗೇ ಇಲ್ಲದಂತಿದ್ದು ನಡುವೆ ತಟ್ಟನೆ ಬಾಗುತ್ತದೆ. ಬಸ್ಸಿನವನು ಶುರುವಿನ ಬಾಗು ನೋಡಿ ವೇಗ ಹಿಡಿಯುತ್ತಾನೆ, ಸ್ಟೀರಿಂಗು ನಡುವೆ ಬಂದು ಸಾಲದಾಗುತ್ತದೆ. ಅಂಥ ತಿರುವಿನ ಹೊರಮೈಯಲ್ಲಿ ಕಬ್ಬಿನ ಟ್ರ್ಯಾಕ್ಟರು ಮಗುಚಿದ ಮೇಲೆ ಹಾಕುವುದು ‘ನಿಧಾನವಾಗಿ ಚಲಿಸಿ’ ಎನ್ನುವ ಬೋರ್ಡು.

ರಸ್ತೆ ಆಗಿಹೋದ ಮೇಲೂ ತಿರುವನ್ನು ಕೇಳಬಹುದು, ಅದಕ್ಕೆ ಥಿಯೋಡೊಲೈಟೂ ಬೇಡ. ಜ್ಯಾ ಎಂದರೆ ಬಿಲ್ಲಿನ ಹೆದೆ. ಹೆದೆಯ ನಡುವಿನಿಂದ ಬಿಲ್ಲಿನವರೆಗಿನ ದೂರಕ್ಕೆ ನಮ್ಮ ಹಳೆಯ ಗಣಿತದಲ್ಲಿ ಶರ ಎನ್ನುತ್ತಾರೆ, ಬಾಣ. ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ಜ್ಯಾ ಮತ್ತು ಶರದಿಂದ ವೃತ್ತವನ್ನು ಕಂಡುಹಿಡಿಯುವ ಲೆಕ್ಕವಿದೆ. ಹತ್ತು ಮೀಟರಿನ ಹಗ್ಗ ತೆಗೆದುಕೊಂಡು ಡಾಂಬರಿನ ಒಂದೇ ಅಂಚಿನ ಮೇಲೆ ಎರಡೂ ತುದಿ ಹಿಡಿದು ಬಿಗಿಯಾಗಿ ಎಳೆಯಬೇಕು. ಹಗ್ಗದ ನಟ್ಟನಡುವಿನಿಂದ ಅಂಚಿಗೆ ಎಷ್ಟು ದೂರವಿದೆ ಎಂದು ಸ್ಕೇಲಿನಲ್ಲಿ ನೋಡಬೇಕು. ತ್ರಿಜ್ಯ 90 ಇದ್ದರೆ ಅದು ಹದಿನಾಲ್ಕು ಸೆಂಟಿಮೀಟರಿನ ಆಸುಪಾಸು, 40 ಇದ್ದರೆ ಮೂವತ್ತೊಂದು. ತಿರುವಿನ ಶುರು, ನಡು, ಕೊನೆ, ಮೂರೂ ಕಡೆ ಅಳೆದಾಗ ಹದಿನಾಲ್ಕು, ಹದಿನಾಲ್ಕು, ಹದಿನಾಲ್ಕು ಬಂದರೆ ಅಲ್ಲಿ ಯಾರೋ ಪಟ್ಟಿ ಹಿಡಿದು ಗೂಟ ಹೊಡೆದಿದ್ದಾರೆ. ಐದು, ಮೂವತ್ತು, ಏಳು ಬಂದರೆ ಆ ಮೂರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು, ಮುಂದಿನ ಗ್ರಾಮಸಭೆಗೆ ಎಂಜಿನಿಯರ್ ಬಂದಾಗ ಅವರ ಕೈಗೆ ಕೊಟ್ಟು, ಈ ತಿರುವಿನ ಕೋನದ ಪಟ್ಟಿ ಎಲ್ಲಿದೆ, ಅದರಲ್ಲಿ ಕೊನೆಯ ಗೂಟ ಎಲ್ಲಿ ಬಿದ್ದದ್ದೆಂದು ಬರೆದಿದೆ ಎಂದು ಕೇಳಬಹುದು.